ಸಸ್ತಾ ಸಿಕ್ಕ ಮೂರು ಆಡು, ಮತ್ತ 25 ದಿನದ ಲೆಕ್ಕ

ಇವತ್ತು ಸ್ವಲ್ಪ ಖಡಕ್ ಬರೀತೀನಿ. ಓದಿದ ಮೇಲೆ ಯಾರಿಗಾದ್ರೂ "ಇವ ನನಗೇ ಅಂದಾನ" ಅನಿಸಿದ್ರೆ ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಮಾತು ಮೊದಲು ನನಗೇ ನಾನು ಅಂದುಕೊಂಡದ್ದು.

ಮೊನ್ನೆ ಕಮಲನಗರದಾಗ ಒಂದು ಟಂಟಂ ನಿಂತಿತ್ತು. ಒಳಗ ಐದು ಆಡು. ಒಂದರ ಮೂಗಿಂದ ನೀರು ಸೋರುತ್ತಿತ್ತು, ಕಣ್ಣಿನ ಕೆಳಗೆ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಹೊಡೆದುಕೊಂಡು ಹೊಂಟವರು ನಮ್ಮ ಕಡೆಯವರೇ, ನನಗಿಂತ ಹಿರಿಯರು. ಕೇಳಿದೆ: "ಮಾಮಾ, ಇದರ ಮೂಗು ಯಾಕ ಸೋರ್ಲಾಕತ್ಯಾದ?" "ಏನಿಲ್ಲ ತಮ್ಮಾ, ದಾರಿ ಗಾಳಿಗಿ ಶೀತ ಆಗ್ಯಾದ." "ಇವತ್ತು ರಾತ್ರಿ ಎಲ್ಲಿ ಕಟ್ತೀರಿ?" "ಎಲ್ಲಿ ಕಟ್ಲಿ? ನಮ್ಮ ಆಡಿನ ಸಂಗಟನೇ."

ಆ ಉತ್ತರ ಕೇಳಿ ನನ್ನ ಹೊಟ್ಟಿ ತಣ್ಣಗಾಯ್ತು. ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ, ಒಂದಕ್ಷರ ಬಿಡದೆ.

ಆ ವರ್ಷ ಸೋಯಾ ಮಾರಿ ಕೈಯಾಗ ಸ್ವಲ್ಪ ರೊಕ್ಕ ಇತ್ತು. ದೊಡ್ಡಿಯಲ್ಲಿ 10 ದೊಡ್ಡ ಆಡು, 9 ಮರಿ, ಎಲ್ಲ ಉಸ್ಮಾನಾಬಾದಿ. ಬಜಾರದಲ್ಲಿ ಮೂರು ಕರೀ ಆಡು ಕಂಡವು. ಒಳ್ಳೆ ಎತ್ತರ, ಹಲ್ಲು ಛಲೋ, ಕೆಚ್ಚಲು ಛಲೋ. ಮಾರುವವ ಜಾಸ್ತಿ ಜಗ್ಗಾಡಲಿಲ್ಲ. ಮೂರಕ್ಕೂ ಸೇರಿ ಬಜಾರದ ದರಕ್ಕಿಂತ 1,500 ಕಮ್ಮಿ ಮಾಡಿದ. ನಾನು ದೊಡ್ಡ ಶಾಣ್ಯಾನಂಗ ಖುಷಿಪಟ್ಟೆ. ಮನೆಗೆ ತಂದು ಕುಂಕುಮ ಹಚ್ಚಿ, ಸೀದಾ ನಮ್ಮ ಆಡಿನ ನಡುವೆ ಬಿಟ್ಟೆ. ಓಣಿಯವರೆಲ್ಲ ನೋಡಲು ಬಂದರು. ಒಬ್ಬರು ಬಾಯಿ ತೆರೆದು ಹಲ್ಲು ನೋಡಿದರು, ಒಬ್ಬರು ಬೆನ್ನು ಹಿಚುಕಿ ನೋಡಿದರು. ಪಕ್ಕದ ಆಯಿ ತನ್ನ ಆಡಿಗೆ ಹಾಕಲು ತಂದಿದ್ದ ಸೊಪ್ಪಿನಿಂದಲೇ ಒಂದು ಹಿಡಿ ತಿನ್ನಿಸಿ, ಉಳಿದದ್ದನ್ನು ತನ್ನ ಮನೆಗೆ ಒಯ್ದಳು.

ನಾಲ್ಕನೇ ದಿನ ಹೊಸ ಆಡೊಂದು ಮೇವು ಬಿಟ್ಟಿತು. ಐದನೇ ದಿನ ಸೀನು, ಮೂಗಿನಲ್ಲಿ ನೀರು. "ಜಾಗ ಬದಲಾಗ್ಯಾದ, ಹೊಂದ್ಕೋತದ" ಅಂದುಕೊಂಡೆ. ಏಳನೇ ದಿನ ಮೂಗಿನ ನೀರು ದಪ್ಪಗೆ ಹಳದಿಯಾಗಿ ಹೊಳ್ಳೆ ಕಟ್ಟಿತು. ಬೆಳಿಗ್ಗೆ ಕಣ್ರೆಪ್ಪೆ ಅಂಟಿಕೊಂಡು ತೆರೆಯಲೇ ಬರಲಿಲ್ಲ. ಬಾಯಿ ತೆರೆದರೆ ಒಸಡಿನ ಮೇಲೆ, ನಾಲಿಗೆ ಮೇಲೆ ಹಿಟ್ಟು ಉದುರಿಸಿದಂಗ ಬಿಳಿ ಪದರ, ಕೆಳಗೆ ಹುಣ್ಣು, ಸಹಿಸಲಾಗದ ನಾತ. ಆಮೇಲೆ ಭೇದಿ. ಹತ್ತನೇ ದಿನಕ್ಕೆ ನನ್ನ ಸ್ವಂತ ಮರಿಗಳು ಸೀನಲು ಶುರು ಮಾಡಿದವು.

ಡಾಕ್ಟ್ರು ಬಂದು ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಪಿಪಿಆರ್ ಅಂತ ಬಂತು, ನಮ್ಮ ಹಿರಿಯರು ಹಿರೇಬ್ಯಾನಿ ಅಂತಿದ್ದದ್ದು. ಇದು ವೈರಸ್ಸಿನ ರೋಗ, ಇದಕ್ಕೆ ನೇರ ಔಷಧಿ ಇಲ್ಲ. ಸೂಜಿ ಹಾಕೋದು ಮೇಲಿಂದ ಬರುವ ನ್ಯುಮೋನಿಯಾ ತಡೆಯಲು, ಸಲೈನ್ ಹಾಕೋದು ಭೇದಿಯಲ್ಲಿ ಹೋದ ನೀರು ತುಂಬಲು. ಉಳಿಯೋದು ಬಿಡೋದು ಆಡಿನ ತಾಕತ್ತಿನ ಮೇಲೆ.

ಹೊಸದರಲ್ಲಿ ಒಂದು ಸತ್ತಿತು. ಮರಿಗಳಲ್ಲಿ ಆರು ಸತ್ತವು. ದೊಡ್ಡ ಆಡಿನಲ್ಲಿ ಒಂದೇ ಒಂದು ಸತ್ತಿತು. ಯಾಕಂದ್ರ ಎರಡು ವರ್ಷ ಮೊದಲು ಇಲಾಖೆಯವರು ಊರಿಗೆ ಬಂದು ಪಿಪಿಆರ್ ಲಸಿಕೆ ಹಾಕಿದ್ದರು, ಅದರ ಬಲ ಮೂರು ವರ್ಷ ಇರ್ತದ. ಸತ್ತ ದೊಡ್ಡ ಆಡು ಆ ಲಸಿಕೆ ಆದ ಮೇಲೆ ನಾನು ಕೊಂಡದ್ದು. ಮರಿಗಳು ಹುಟ್ಟಿದ್ದೂ ಆಮೇಲೆಯೇ. ಮೂರ್ನಾಲ್ಕು ತಿಂಗಳ ತನಕ ತಾಯಿ ಹಾಲಿನ ಬಲ ಇರ್ತದ, ಆಮೇಲೆ ಬರಿಗೈ. ಸಾವಿನ ಲೆಕ್ಕ ಲಸಿಕೆಯ ಲೆಕ್ಕದ ಜೊತೆ ಹಂಗೇ ಕೂಡಿಕೊಂಡು ಬಂತು.

ಈಗ ರೊಕ್ಕದ ಲೆಕ್ಕ ಹಾಕ್ರಿ. ಆರು ಮರಿ ನಾಲ್ಕು ಸಾವಿರದಂತೆ 24,000. ದೊಡ್ಡದು 9,000. ಹೊಸದು 8,000. ಔಷಧಿ 3,500. ಒಟ್ಟು 44,500. ಉಳಿಸಿದ್ದು 1,500.

ಆದರೆ ನನ್ನ ನಿದ್ದೆ ಕೆಡಿಸಿದ್ದು ಈ ಲೆಕ್ಕ ಅಲ್ಲ. ಪಕ್ಕದ ಆಯಿಗೆ ಇದ್ದದ್ದೇ ಐದು ಆಡು. ಅದರಲ್ಲಿ ನಾಲ್ಕು ಸತ್ತವು. ಅವಳು ಬಜಾರಕ್ಕೆ ಹೋಗಿರಲಿಲ್ಲ, ಏನೂ ಕೊಂಡಿರಲಿಲ್ಲ. ನನ್ನ ಆಡು ನೋಡಲು ಬಂದಿದ್ದಳು, ಅಷ್ಟೇ. ಮತ್ತ ನಮ್ಮಿಬ್ಬರ ಆಡು ಒಂದೇ ಬೀಳು ಹೊಲದಲ್ಲಿ ಮೇಯುತ್ತಿದ್ದವು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. "ದೇವ್ರು ಕೊಟ್ಟಿದ್ದ, ದೇವ್ರು ಒಯ್ದ" ಅಂದಳು. ಇಲ್ಲ ಆಯಿ, ದೇವರಲ್ಲ. ಒಯ್ದವ ನಾನು.

ಅದಕ್ಕೇ ನಮ್ಮ ಮಂದಿ ಹೇಳುವ ನಾಲ್ಕು ಮಾತಿಗೆ ಇವತ್ತು ಉತ್ತರ ಕೊಡ್ತೀನಿ. ಈ ನಾಲ್ಕೂ ಮಾತು ನಾನೂ ಆಡಿದ್ದೇ.

"ನೋಡ್ಲಾಕ ಛಲೋ ಅದ, ರೋಗ ಎಲ್ಲದ?"

ನೋಡಲು ಛಲೋ ಇದ್ದದ್ದಕ್ಕೇ ಅಲ್ವಾ ನೀವು ಕೊಂಡದ್ದು? ಪಿಪಿಆರ್ ವೈರಸ್ ಒಳಗೆ ಹೋದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಕ್ಕೆ ಜ್ವರ ಬರ್ತದ, ಕೆಲವೊಮ್ಮೆ ಎರಡು ವಾರವೂ ಹಿಡೀತದ. ಮೂಗು ಸೋರೋ ಮೊದಲೇ ಉಸಿರಿನಲ್ಲಿ ವೈರಸ್ ಬೀಳ್ತಿರ್ತದ. ಬಜಾರದಲ್ಲಿ ಇಡೀ ದಿನ ಹತ್ತು ಊರಿನ ಆಡಿನ ನಡುವೆ ನಿಂತದ್ದಕ್ಕೆ ಅಲ್ಲೇ ಆ ದಿನವೇ ಹತ್ತಿರಬಹುದು. ಅಂಥ ಆಡನ್ನು ಎಷ್ಟು ಬಾಯಿ ತೆರೆದು ನೋಡಿದರೂ ಏನೂ ಕಾಣದು.

ಅದಕ್ಕೇ ಹೊಸ ಆಡನ್ನು ಕನಿಷ್ಠ 21 ದಿನ ಬೇರೆ ಇಡಬೇಕು. ನಾನು 25 ದಿನ ಇಡ್ತೀನಿ, ಯಾಕಂತ ಮುಂದೆ ಹೇಳ್ತೀನಿ. ಬೇರೆ ಅಂದ್ರ ಅದೇ ದೊಡ್ಡಿಯ ಇನ್ನೊಂದು ಮೂಲೆ ಅಲ್ಲ. ಮೂಗಿಗೆ ಮೂಗು ತಾಗಬಾರದು, ಒಂದರ ಸೀನು ಇನ್ನೊಂದಕ್ಕೆ ಮುಟ್ಟಬಾರದು. ನಾನು ಹೊಲದಲ್ಲಿ ಮೋಟರ್ ರೂಮಿನ ಹಿಂದೆ ಬೇವಿನ ಗಿಡದ ಕೆಳಗೆ ಜಾಲಿ ಕಟ್ಟಿದ್ದೀನಿ. ಅವಕ್ಕೆ ಬೇರೆ ಬಕೆಟ್ಟು, ಬೇರೆ ಹಗ್ಗ, ಬೇರೆ ಕಸಬರಿಗೆ. ಅವು ತಿಂದು ಬಿಟ್ಟ ಹೊಟ್ಟು, ಸೊಪ್ಪು ಮನೆ ಆಡಿಗೆ ವಾಪಸ್ ಬರೋದಿಲ್ಲ. ಹಿಕ್ಕಿ ಅಲ್ಲೇ ಬೇರೆ ಗುಂಡಿಗೆ. ದಿನಾ ಬೆಳಿಗ್ಗೆ ಮೊದಲು ಮನೆ ಆಡಿನ ಕೆಲಸ, ಆಮೇಲೆ ಹೊಸದರ ಕಡೆ. ಉಲ್ಟಾ ಮಾಡಿದರೆ ರೋಗವನ್ನು ನಾನೇ ಕೈಯಲ್ಲಿ, ಅಂಗಿಯಲ್ಲಿ ಹೊತ್ತು ತಂದಂಗ.

ಮೊದಲ ಹತ್ತು ದಿನ ಬೆಳಿಗ್ಗೆ ಬಿಸಿಲು ಏರೋ ಮುಂಚೆ ಥರ್ಮಾಮೀಟರ್ ಇಡ್ತೀನಿ. ಮೆಡಿಕಲ್‌ನಲ್ಲಿ ಸಿಗುವ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು, ತುದಿಗೆ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಇಡೋದು. ಆಡಿಗೆ 102, 103 ಸಹಜ. ಬೆಳಿಗ್ಗೆಯೇ 104 ದಾಟಿದರೆ ಅವತ್ತೇ ಡಾಕ್ಟ್ರಿಗೆ ಫೋನು. ಸೀನು, ಭೇದಿ ಬರೋ ತನಕ ಕಾಯಬ್ಯಾಡ್ರಿ, ಮೊದಲು ಬರೋದು ಜ್ವರ.

ಇನ್ನೊಂದು ಮಾತು. ಹತ್ತನೇ ದಿನ ಮತ್ತೊಂದು ಆಡು ಕೊಂಡು ತಂದು ಅದೇ ಗಿಡದ ಕೆಳಗೆ ಕಟ್ಟಿದರೆ, ಎಲ್ಲದರ ಲೆಕ್ಕ ಮತ್ತೆ ಒಂದರಿಂದ ಶುರು. ಮತ್ತ ಬಜಾರಕ್ಕೆ ಒಯ್ದು ಮಾರಾಟ ಆಗದೆ ವಾಪಸ್ ತಂದ ನಿಮ್ಮದೇ ಆಡು ಕೂಡ ಹೊಸ ಆಡೇ. ಕಟ್ಟಿಸಲು ಎರಡು ದಿನಕ್ಕೆ ಕಡ ತಂದ ಹೋತವೂ ಹೊಸದೇ. ಈ ಎರಡನ್ನು ನಮ್ಮಲ್ಲಿ ಯಾರೂ ಎಣಿಸೋದೇ ಇಲ್ಲ.

"ಬಂದ ದಿನವೇ ಇಂಜೆಕ್ಷನ್ ಹಾಕ್ಸಿದ್ರಾಯ್ತು"

ಆಗೋದಿಲ್ಲ. ಲಸಿಕೆ ಹಾಕಿದ ಮೇಲೆ ಮೈಯಲ್ಲಿ ಬಲ ಬರಲು ಸುಮಾರು ಎರಡು ವಾರ ಬೇಕು. ಬಜಾರದಲ್ಲಿ ಹತ್ತಿದ ರೋಗ ಐದೇ ದಿನಕ್ಕೆ ಹೊರಬೀಳ್ತದ. ಓಟದಲ್ಲಿ ರೋಗವೇ ಗೆಲ್ತದ. ಆಗ ನಾವು "ಲಸಿಕೆ ಹಾಕ್ಸಿದ್ದಕ್ಕೇ ಸತ್ತಿತು" ಅಂತ ಡಾಕ್ಟ್ರಿಗೆ ಬೈತೀವಿ, ಮುಂದಿನ ಸಲ ಊರಿಗೆ ಲಸಿಕೆ ಬಂದಾಗ ಆಡು ಮುಚ್ಚಿಡ್ತೀವಿ.

ನಾನು ಡಾಕ್ಟ್ರನ್ನು ಕೇಳಿ ಮಾಡಿಕೊಂಡ ಪದ್ಧತಿ ಹಿಂಗದ. ಮೊದಲ ಹತ್ತು ದಿನ ಜ್ವರ ಇಲ್ಲದಿದ್ದರೆ ಹನ್ನೊಂದನೇ ದಿನ ಪಿಪಿಆರ್ ಲಸಿಕೆ. ಅಲ್ಲಿಂದ ಎರಡು ವಾರ ಎಣಿಸಿದರೆ 25 ದಿನ ಆಗ್ತದ. ಆಗ ಹೊಸ ಆಡಿಗೂ ಬಲ ಬಂದಿರ್ತದ, ಅದರಿಂದ ನಮ್ಮ ಆಡಿಗೂ ಪಿಪಿಆರ್ ಭಯ ಕಮ್ಮಿ. ಜಂತಿನ ಔಷಧಿಯನ್ನೂ ಈ ದಿನಗಳಲ್ಲೇ ಮುಗಿಸ್ತೀನಿ. ಮನೆಯ ಮರಿಗಳಿಗೆ ನಾಲ್ಕನೇ ತಿಂಗಳಿಗೆ ಲಸಿಕೆ ಅಂತ ಗ್ವಾದ್ಲಿ ಮೇಲಿನ ಗೋಡೆಗೆ ಖಡುವಿನಲ್ಲಿ ತಾರೀಖು ಬರೆದಿಟ್ಟೀನಿ.

25 ದಿನ ಎಲ್ಲ ರೋಗಕ್ಕೂ ಮದ್ದಲ್ಲ, ಇದನ್ನೂ ಹೇಳಿಬಿಡ್ತೀನಿ. ಕಂದು ಹಾಕುವ ಬ್ರುಸೆಲ್ಲಾ ರೋಗ ಇದ್ದ ಆಡು ಆರು ತಿಂಗಳು ಬೇರೆ ಕಟ್ಟಿದರೂ ಆರೋಗ್ಯವಂತ ಕಾಣ್ತದ. ಅದಕ್ಕೆ ರಕ್ತ ಪರೀಕ್ಷೆಯೇ ದಾರಿ, ಮತ್ತ ಅದು ಮನುಷ್ಯರಿಗೂ ಹತ್ತುವ ರೋಗ. ಆಕಳು, ಎತ್ತು ಕೊಳ್ಳುವವರು 28 ದಿನ ಇಡ್ರಿ, ಚರ್ಮಗಂಟು ರೋಗ ಅಷ್ಟು ದಿನ ಒಳಗೇ ಇರಬಲ್ಲದು. 2022ರಲ್ಲಿ ಆ ರೋಗಕ್ಕೇ ನಮ್ಮ ರಾಜ್ಯದಲ್ಲಿ ದನದ ಸಂತೆ, ಜಾತ್ರೆ ಬಂದ್ ಆದದ್ದು ನೆನಪಿರಬೇಕು. ಅದು ಹಾರುವುದು ನೊಣ, ಸೊಳ್ಳೆಗಳ ಮೇಲೆ, ಅಲ್ಲಿ ಕಾಲು ತೊಳೆಯೋದರಿಂದ ಆಗುವ ಲಾಭ ಭಾಳ ಕಮ್ಮಿ.

"ಬಾಗಿಲಿಗೆ ಫಿನಾಯಿಲ್ ನೀರು ಇಟ್ಟೀನಿ, ಮತ್ತೇನು ಮಾಡ್ಲಿ?"

ರೋಗ ಬಂದು ಹೋದ ಮೇಲೆ ನಾನೂ ಇಟ್ಟಿದ್ದೆ. ಪ್ಲಾಸ್ಟಿಕ್ ಘಮೇಲಾದಲ್ಲಿ ಬಿಳಿ ಫಿನಾಯಿಲ್ ನೀರು. ಒಂದು ವಾರ ಬದಲಾಯಿಸಲಿಲ್ಲ. ಕರ್ರಗಾಗಿ, ಹಿಕ್ಕಿ ತೇಲಿ, ಮಳಿ ನೀರು ತುಂಬಿತ್ತು. ಬಂದವರೆಲ್ಲ ಗುಡಿಗೆ ಬಂದಂಗ ತೀರ್ಥದಲ್ಲಿ ಕಾಲಿನ ತುದಿ ಅದ್ದಿ ಒಳಗೆ ಬರ್ತಿದ್ದರು. ಅಂಥ ನೀರು ಇಲ್ಲದಿರೋದೇ ಛಲೋ, ಯಾಕಂದ್ರ ಅದು ಸುಳ್ಳು ಧೈರ್ಯ ಕೊಡ್ತದ.

ಸಗಣಿ, ಹಿಕ್ಕಿ, ಕೆಸರು ಔಷಧಿಯ ಬಲವನ್ನು ತಿಂದುಬಿಡ್ತಾವ. ನಮ್ಮ ಕರಿ ಮಣ್ಣು ಚಪ್ಪಲಿಗೆ ಹ್ಯಾಂಗ ಅಂಟ್ತದ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಮಣ್ಣಿನ ಒಳಗಿರುವ ವೈರಸ್ಸಿಗೆ ಔಷಧಿ ಮುಟ್ಟೋದೇ ಇಲ್ಲ. ಅದಕ್ಕೆ ಮೊದಲು ಬ್ರಷ್ಷಿನಿಂದ ಸಾದಾ ನೀರಿನಲ್ಲಿ ತಿಕ್ಕಿ ತೊಳೀಬೇಕು, ಆಮೇಲೆ ಔಷಧಿ ನೀರು. ಒಂದಲ್ಲ, ಎರಡು ಘಮೇಲಾ.

ಎರಡನೇದು, ಯಾವ ಔಷಧಿ ಅನ್ನೋದು. ಪಿಪಿಆರ್ ವೈರಸ್ ಹೊರಗೆ ಬಿದ್ದರೆ ನಾಜೂಕು. ಬಿಸಿಲು, ಸಾಬೂನು, ಫಿನಾಯಿಲ್ ಯಾವುದಕ್ಕೂ ಸಾಯ್ತದ. ಆದರೆ ಕಾಲುಬಾಯಿ ರೋಗದ ವೈರಸ್ಸಿಗೆ ಫಿನಾಯಿಲ್ ನಂಬಬ್ಯಾಡ್ರಿ, ಅದು ಅದಕ್ಕೆ ಜಗ್ಗೋದಿಲ್ಲ. ಅದು ಸಾಯೋದು ಹುಳಿಗೆ ಇಲ್ಲ ಖಾರಕ್ಕೆ. ಖಾರ ಅಂದ್ರ ಮೆಣಸಿನಕಾಯಿ ಅಲ್ಲ, ಸೋಡಾದ ಖಾರ. ನಮ್ಮ ಮನೆಗಳಲ್ಲಿ ಆಡು, ಆಕಳು ಎರಡೂ ಒಂದೇ ಅಂಗಳದಲ್ಲಿ ಇರೋದರಿಂದ ಎರಡಕ್ಕೂ ನಡೆಯುವ ವಸ್ತು ಬಟ್ಟೆ ಒಗೆಯುವ ಸೋಡಾ. ಅಡಿಗೆಗೆ ಹಾಕುವ ತಿನ್ನೋ ಸೋಡಾ ಅಲ್ಲ, ಅದರಿಂದ ಏನೂ ಆಗೋದಿಲ್ಲ. ಹತ್ತು ಲೀಟರ್ ನೀರಿಗೆ ಪುಡಿ ಸೋಡಾ ಆದರೆ 400 ಗ್ರಾಂ. ಹರಳಿನಂಥ ಸೋಡಾ ಆದರೆ ಅದರಲ್ಲಿ ನೀರಿನ ಭಾಗವೇ ಜಾಸ್ತಿ, ಅದಕ್ಕೆ ಒಂದು ಕಿಲೋ. ದಿನಾ ಬೆಳಿಗ್ಗೆ ಚೆಲ್ಲಿ ಹೊಸದು ಮಾಡ್ರಿ, ನಡುವೆ ಹೊಲಸಾದರೆ ಆಗಲೇ ಚೆಲ್ರಿ. ಮಳಿ ಬೀಳದಂಗ, ಮಕ್ಕಳು ಕೈಯಾಡಿಸದಂಗ, ಆಡು ಬಾಯಿ ಹಾಕದಂಗ ಇಡ್ರಿ.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಈ ಸೋಡಾ ನೀರಿಗೂ ಸುಮಾರು ಹತ್ತು ನಿಮಿಷ ಬೇಕು. ಹತ್ತು ನಿಮಿಷ ಕಾಲು ಅದ್ದಿ ಯಾರು ನಿಲ್ತಾರ್ರಿ? ನಾನೂ ನಿಲ್ಲೋದಿಲ್ಲ. ಅದಕ್ಕೇ ನಾನು ಕಾಲು ಅದ್ದುವ ನೀರಿಗಿಂತ ಚಪ್ಪಲಿಯನ್ನು ನಂಬ್ತೀನಿ. ದೊಡ್ಡಿಯ ಬಾಗಿಲ ಒಳಗೆ ಮೂರು ಜೋಡಿ ರಬ್ಬರ್ ಚಪ್ಪಲಿ ಇಟ್ಟೀನಿ. ಹೊರಗಿನ ಚಪ್ಪಲಿ ಹೊರಗೇ ಬಿಟ್ಟು, ಕಾಲು ತೊಳೆದು, ಒಳಗಿನ ಚಪ್ಪಲಿ ಹಾಕ್ಕೊಂಡು ಒಳಗೆ. ಆ ಚಪ್ಪಲಿ ಎಂದೂ ಬಾಗಿಲು ದಾಟೋದಿಲ್ಲ. ಹೊಸ ಆಡಿನ ಜಾಲಿ ಹತ್ತಿರ ಮತ್ತೊಂದು ಜೋಡಿ ಬೇರೆ. ದೇವರ ಮನೆಗೆ ಚಪ್ಪಲಿ ಹಾಕ್ಕೊಂಡು ಹೋಗಬ್ಯಾಡ ಅಂತ ಯಾರಿಗಾದರೂ ಬೋರ್ಡು ಬರೀಬೇಕಾ? ಆ ಪದ್ಧತಿ ನಮಗೆ ಗೊತ್ತೇ ಅದ, ದೊಡ್ಡಿಗೂ ಅದನ್ನೇ ತಂದರಾಯ್ತು. ಘಮೇಲಾ ಈಗಲೂ ಅದ, ಡಾಕ್ಟ್ರ ಗಂಬೂಟಿಗೆ, ಗಾಡಿಯ ಗಾಲಿಗೆ.

"ಮಂದಿಗಿ ಬರಬ್ಯಾಡ ಅನ್ನೋದು ಹ್ಯಾಂಗ?"

ಬಂದವರಿಗೆ ಬರಬ್ಯಾಡ ಅನ್ನೋ ಸಂಸ್ಕಾರ ನಮ್ಮದಲ್ಲ, ಒಪ್ತೀನಿ. ಆದರೆ ಕಟ್ಟೆ ಮೇಲೆ ಕೂಡಿಸಿ ಚಹಾ ಕೊಡೋದಕ್ಕೂ ದೊಡ್ಡಿ ಒಳಗೆ ಕರಕೊಂಡು ಹೋಗೋದಕ್ಕೂ ಫರಕ್ ಅದ. ಎಲ್ಲರೂ ಒಂದೇ ಅಲ್ಲ. ಆಡು ಸಾಕದ ಬೀಗರು ಬಂದರೆ ಭಯ ಕಮ್ಮಿ. ಸ್ವಂತ ಆಡು ಇರುವ ನೆರೆಯವರು ಬಂದರೆ ಎರಡೂ ಕಡೆಗೆ ಭಯ. ಎಲ್ಲರಿಗಿಂತ ಜಾಸ್ತಿ ಭಯ ಆಡಿನ ವ್ಯಾಪಾರಿಯಿಂದ. ಅವರದು ತಪ್ಪಲ್ಲ, ಅವರ ಉದ್ಯೋಗವೇ ಅದು. ಒಂದು ಮುಂಜಾನೆ ಎಂಟು ದೊಡ್ಡಿ ತಿರುಗ್ತಾರ, ಉದಗೀರ ಕಡೆಯಿಂದ ಇತ್ಲಾಕಡೆ, ಭಾಲ್ಕಿಯಿಂದ ಅತ್ಲಾಕಡೆ. ಗಡಿಯ ಬೋರ್ಡು ಮಂದಿಗೆ, ವೈರಸ್ಸಿಗಲ್ಲ. ಎಲ್ಲ ದೊಡ್ಡಿಯಲ್ಲೂ ಆಡಿನ ಬಾಯಿ ತೆರೀತಾರ, ಅದೇ ಕೈ ನಮ್ಮಲ್ಲಿಗೂ ತರ್ತಾರ.

ಅದಕ್ಕೇ ಮಾರುವ ಆಡನ್ನು ನಾನೇ ರೋಡಿಗೆ ಹಿಡಕೊಂಡು ಬಂದು ತೋರಿಸ್ತೀನಿ. ಮುಟ್ಟಿ ನೋಡೋದು ಅಲ್ಲೇ, ತೂಗೋದು ಅಲ್ಲೇ. ಮೊದಲು ಒಬ್ಬಿಬ್ಬರು ಸಿಟ್ಟಾದರು, "ಭಾರೀ ಸಾವ್ಕಾರ ಆಗ್ಯಾನ" ಅಂದರು. ಈಗ ರೂಢಿ ಆಗ್ಯಾದ, ರೋಡಿನಲ್ಲೇ ಗಾಡಿ ನಿಲ್ಲಿಸಿ ಕೂಗ್ತಾರ. ನಾನು ಬಜಾರಕ್ಕೆ ಹೋಗಿ ಬಂದ ದಿನ ನನಗೂ ಅದೇ ಕಾಯ್ದೆ. ಸ್ನಾನ ಮಾಡಿ ಬಟ್ಟೆ ಬದಲಾಯಿಸೋ ತನಕ ದೊಡ್ಡಿಗೆ ಕಾಲಿಡೋದಿಲ್ಲ.

ಜಾಗ ಇಲ್ಲ ಅನ್ನುವವರು ಇದ್ದೀರಿ, ಅದು ಖರೇ. ಹೊಲದಲ್ಲಿ ಕಟ್ಟಿದರೆ ನಾಯಿ, ಕಳ್ಳರ ಭಯವೂ ಖರೇ. 25 ರಾತ್ರಿ ನಾನು ಹೊಲದಲ್ಲೇ ಮಲಗ್ತೀನಿ, ಮನೆಯವರು ನಗ್ತಾರ. ಜಾಗ ಇಲ್ಲದವರು ಇಬ್ಬರು ಮೂವರು ಕೂಡಿ ಒಂದೇ ದಿನ ಕೊಳ್ರಿ, ಎಲ್ಲ ಹೊಸ ಆಡನ್ನು ಒಬ್ಬರ ಹೊಲದಲ್ಲಿ ಕಟ್ಟಿ ಪಾಳಿಯಂತೆ ಮಲಗ್ರಿ. ಅದೂ ಆಗದಿದ್ದರೆ ಕೊಳ್ಳಬ್ಯಾಡ್ರಿ, ಮನೆಯ ಮರಿ ಬೆಳೆಸ್ರಿ.

ಕೊನೆಗೆ ನನ್ನ ದೊಡ್ಡ ಸಿಟ್ಟು ಯಾವುದರ ಮೇಲೆ ಅಂತ ಹೇಳ್ತೀನಿ. ಆ ಮೂರು ಆಡು ನನಗೆ 1,500 ಸಸ್ತಾ ಯಾಕೆ ಸಿಕ್ಕವು ಅಂತ ಆಮೇಲೆ ತಿಳೀತು. ಮಾರಿದವನ ಮನೆಯಲ್ಲಿ ಆಗಲೇ ಎರಡು ಸತ್ತಿದ್ದವು. ಉಳಿದದ್ದು ಸಾಯೋ ಮುಂಚೆ ರೊಕ್ಕ ಮಾಡಿಕೊಂಡ. ಅವನಿಗೆ ಬೈಯಲು ಬಾಯಿ ತೆರೆದೆ, ಬೈಯಲಾಗಲಿಲ್ಲ. ಯಾಕಂದ್ರ ನನ್ನ ಮರಿ ಸೀನಲು ಶುರು ಮಾಡಿದ ದಿನ ನನ್ನ ತಲೆಯಲ್ಲೂ ಬಂದ ಮೊದಲ ವಿಚಾರ ಅದೇ: "ಉಳಿದದ್ದು ನಾಳಿನ ಬಜಾರಕ್ಕೆ ಒಯ್ದರೆ?" ನಮ್ಮ ನಮ್ಮಲ್ಲಿ ರೋಗ ಹಬ್ಬಿಸ್ತಿರೋದು ಗಾಳಿಗಿಂತ ಹೆಚ್ಚು ಈ ವಿಚಾರವೇ. ಮತ್ತ ರೋಗ ಮುಚ್ಚಿಡೋ ನಾಚಿಕೆ. ನಾನು ಐದನೇ ದಿನವೇ ಆಯಿಗೆ "ನನ್ನ ಆಡಿಗೆ ಏನೋ ಆಗ್ಯಾದ, ನಿನ್ನವು ಆ ಕಡೆ ಬಿಡಬ್ಯಾಡ" ಅಂತ ಒಂದು ಮಾತು ಹೇಳಿದ್ದರೆ ಅವಳ ನಾಲ್ಕರಲ್ಲಿ ಒಂದೆರಡಾದರೂ ಉಳೀತಿದ್ದವು.

ಆಡು ಸೀನಿದರೆ, 104 ದಾಟಿದರೆ, ಮೊದಲು ಮೇಯಲು ಬಿಡೋದು ನಿಲ್ಲಿಸ್ರಿ, ನೆರೆಯವರಿಗೆ ಹೇಳ್ರಿ, ಆಮೇಲೆ 1962ಕ್ಕೆ ಫೋನ್ ಮಾಡ್ರಿ, ಇಲ್ಲ ನಿಮ್ಮ ಊರಿನ ಡಾಕ್ಟ್ರಿಗೆ. ಸತ್ತದ್ದನ್ನು ಹಳ್ಳಕ್ಕೆ ಎಸೆಯಬ್ಯಾಡ್ರಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ರಿ. ಬಜಾರಕ್ಕಂತೂ ಒಯ್ಯಲೇಬ್ಯಾಡ್ರಿ.

ಟಂಟಂನಲ್ಲಿ ಹೊಂಟಿದ್ದ ಮಾಮಾಗೆ ಇಷ್ಟೆಲ್ಲ ರೋಡಿನಲ್ಲಿ ನಿಂತು ಹೇಳಲಾಗಲಿಲ್ಲ. "ಇವತ್ತೊಂದು ರಾತ್ರಿ ಬೇರೆ ಕಟ್ರಿ ಮಾಮಾ, ನಾಳೆ ಮುಂಜಾನೆ ನಾನು ಥರ್ಮಾಮೀಟರ್ ತರ್ತೀನಿ" ಅಂದೆ. ಮರುದಿನ ಹೋದೆ. ದೊಡ್ಡಿಯೊಳಗೆ ಹೋಗಲಿಲ್ಲ, ಥರ್ಮಾಮೀಟರ್ ಅವರ ಕೈಗೇ ಕೊಟ್ಟೆ. ಐದೂ ಆಡು ಹುಣಸಿ ಗಿಡದ ಕೆಳಗೆ ಬೇರೆ ಇದ್ದವು. ಸೋರುತ್ತಿದ್ದದ್ದಕ್ಕೆ 105 ಇತ್ತು. ಡಾಕ್ಟ್ರು ಬಂದು ಹೋಗ್ಯಾರ, ರಿಪೋರ್ಟ್ ಇನ್ನೂ ಬಂದಿಲ್ಲ. ಮನೆಯ ಹದಿನಾಲ್ಕು ಆಡು ಇವತ್ತಿನ ತನಕ ಒಣ ಮೂಗಿನಿಂದ ಮೇವು ತಿನ್ನಲಾಕತ್ಯಾವ.